ಒಂದೇ ಲೆಕ್ಕ, ಎರಡು ತ್ರಿಭುಜ: ಬೆಳ್ಳಿ ನಮ್ಮಿಂದ ಎಷ್ಟು ದೂರ?

ಸಂಜೆ ಪಡುವಣದಲ್ಲಿ ಬೆಳ್ಳಿ ಹೊಳೆಯುತ್ತಿದೆ ಎಂದುಕೊಳ್ಳಿ. ನಾವು ನಿಂತ ಕಡೆಯಿಂದ ಸೂರ್ಯನತ್ತ ಒಂದು ಗೆರೆ, ಬೆಳ್ಳಿಯತ್ತ ಇನ್ನೊಂದು ಗೆರೆ ಎಳೆದರೆ ನಡುವಿನ ಕೋನ 30 ಡಿಗ್ರಿ ಬರುತ್ತದೆ. ಭೂಮಿಯಿಂದ ಸೂರ್ಯನಿಗೆ ಸುಮಾರು 15 ಕೋಟಿ ಕಿಲೋಮೀಟರ್. ಸೂರ್ಯನಿಂದ ಶುಕ್ರನಿಗೆ ಅದರ 0.72ರಷ್ಟು, ಅಂದರೆ 10.8 ಕೋಟಿ. ಹಾಗಾದರೆ ಬೆಳ್ಳಿ ನಮ್ಮಿಂದ ಎಷ್ಟು ದೂರದಲ್ಲಿದೆ?

ಸೂರ್ಯ, ಭೂಮಿ, ಶುಕ್ರ ಸೇರಿ ಒಂದು ತ್ರಿಭುಜ. ಅದರಲ್ಲಿ ಎರಡು ಬಾಹು, ಒಂದು ಕೋನ ಗೊತ್ತಿದೆ. ಮೂರನೆಯ ಬಾಹು ಕಂಡುಹಿಡಿಯುವುದು ಸುಲಭ ಅನ್ನಿಸುತ್ತದೆ. ಆದರೆ ಈ ಪ್ರಶ್ನೆಗೆ ಎರಡು ಉತ್ತರಗಳಿವೆ. ಬೆಳ್ಳಿ 5.2 ಕೋಟಿ ಕಿಲೋಮೀಟರ್ ದೂರದಲ್ಲಿರಬಹುದು, ಇಲ್ಲವೇ 20.8 ಕೋಟಿ ಕಿಲೋಮೀಟರ್ ದೂರದಲ್ಲಿರಬಹುದು. ಒಂದು ಇನ್ನೊಂದರ ನಾಲ್ಕು ಪಟ್ಟು. ಕೊಟ್ಟ ಮೂರು ಅಳತೆಗಳಿಗೆ ಎರಡೂ ಅಷ್ಟೇ ಚೆನ್ನಾಗಿ ಹೊಂದುತ್ತವೆ. ಅಳತೆಯಲ್ಲಿ ತಪ್ಪಿಲ್ಲ, ಲೆಕ್ಕದಲ್ಲೂ ತಪ್ಪಿಲ್ಲ. ಇಂಥ ಮೂರು ಅಳತೆಗಳಿಂದ ಎರಡು ಬೇರೆಬೇರೆ ತ್ರಿಭುಜಗಳು ಹುಟ್ಟುವುದು ಸಾಧ್ಯ ಎಂಬುದೇ ಇಲ್ಲಿನ ವಿಷಯ.

ಹತ್ತನೇ ತರಗತಿಯ ತ್ರಿಕೋನಮಿತಿ ಲಂಬಕೋನ ತ್ರಿಭುಜಕ್ಕೆ ನಿಲ್ಲುತ್ತದೆ. ಅಭಿಮುಖ ಬಾಹುವನ್ನು ಕರ್ಣದಿಂದ ಭಾಗಿಸಿದರೆ ಸೈನ್, ಪಾರ್ಶ್ವ ಬಾಹುವನ್ನು ಭಾಗಿಸಿದರೆ ಕೊಸೈನ್. ಬೆಳ್ಳಿಯ ತ್ರಿಭುಜದಲ್ಲಿ ಲಂಬಕೋನವೇ ಇಲ್ಲ, ಹಾಗಾಗಿ ಕರ್ಣವೂ ಇಲ್ಲ. ಅಲ್ಲಿಗೆ ಬೇಕಾಗುವುದು ಸೈನ್ ನಿಯಮ ಮತ್ತು ಕೊಸೈನ್ ನಿಯಮ. ಎರಡನ್ನೂ ಬಾಯಿಪಾಠ ಮಾಡಬೇಕಿಲ್ಲ. ತ್ರಿಭುಜದೊಳಗೆ ಒಂದು ಲಂಬ ಎಳೆದರೆ ಎರಡೂ ಅಲ್ಲೇ ಸಿಗುತ್ತವೆ.

ABC ಒಂದು ತ್ರಿಭುಜ. A ಎದುರಿನ ಬಾಹು a, B ಎದುರಿನದು b, C ಎದುರಿನದು c. C ಬಿಂದುವಿನಿಂದ AB ಬಾಹುವಿಗೆ ಲಂಬ ಇಳಿಸಿ. ಈಗ ದೊಡ್ಡ ತ್ರಿಭುಜದೊಳಗೆ ಎರಡು ಲಂಬಕೋನ ತ್ರಿಭುಜಗಳಾದವು. ಎಡಗಡೆಯದರ ಕರ್ಣ b, ಆದ್ದರಿಂದ ಲಂಬದ ಉದ್ದ b sin A. ಬಲಗಡೆಯದರ ಕರ್ಣ a, ಆದ್ದರಿಂದ ಅದೇ ಲಂಬದ ಉದ್ದ a sin B. ಒಂದೇ ಲಂಬವನ್ನು ಎರಡು ಕಡೆಯಿಂದ ಅಳೆದದ್ದರಿಂದ ಎರಡೂ ಸಮ. ಇದನ್ನು ಕೊಂಚ ತಿರುಗಿಸಿ ಬರೆದು, ಇನ್ನೊಂದು ಬಿಂದುವಿನಿಂದಲೂ ಹೀಗೇ ಲಂಬ ಇಳಿಸಿದರೆ ನಿಯಮ ಪೂರ್ತಿಯಾಗುತ್ತದೆ:

a / sin A = b / sin B = c / sin C

ಈ ನಿಯಮ ಬಳಸಲು ಒಂದು ಬಾಹು ಮತ್ತು ಅದರ ಎದುರಿನ ಕೋನ, ಎರಡೂ ಜೊತೆಯಾಗಿ ಗೊತ್ತಿರಬೇಕು. ಬೆಳ್ಳಿಯ ಲೆಕ್ಕದಲ್ಲಿ ಆ ಜೋಡಿ ಇದೆ. ಭೂಮಿಯನ್ನು A, ಸೂರ್ಯನನ್ನು C, ಶುಕ್ರನನ್ನು B ಎಂದು ಕರೆಯೋಣ. ಭೂಮಿಯಲ್ಲಿರುವ ಕೋನ A 30 ಡಿಗ್ರಿ. ಅದರ ಎದುರಿನ ಬಾಹು a ಎಂದರೆ ಸೂರ್ಯನಿಂದ ಶುಕ್ರನಿಗಿರುವ ದೂರ. ಭೂಮಿ ಮತ್ತು ಸೂರ್ಯನ ನಡುವಿನ ಬಾಹು b. ನಮಗೆ ಬೇಕಾದದ್ದು c.

ಲೆಕ್ಕಕ್ಕಿಂತ ಮೊದಲು ಇದನ್ನು ಕಾಗದದ ಮೇಲೆ ಬಿಡಿಸಿ ನೋಡುವುದು ಒಳ್ಳೆಯದು. ಒಂದು ಸೆಂಟಿಮೀಟರಿಗೆ 1.5 ಕೋಟಿ ಕಿಲೋಮೀಟರ್ ಎಂದು ಇಟ್ಟುಕೊಂಡರೆ b 10 ಸೆಂ.ಮೀ., a 7.2 ಸೆಂ.ಮೀ. ಹಾಳೆಯ ಕೆಳಗೆ ಎಡತುದಿಯಲ್ಲಿ A ಗುರುತಿಸಿ, ಅಲ್ಲಿಂದ ಬಲಕ್ಕೆ ಉದ್ದನೆಯ ಗೆರೆ ಎಳೆಯಿರಿ. ಇದು ನಾವು ಬೆಳ್ಳಿಯತ್ತ ನೋಡುವ ದಿಕ್ಕು. ಬೆಳ್ಳಿ ಈ ಗೆರೆಯ ಮೇಲೆ ಎಲ್ಲೋ ಇದೆ, ಎಲ್ಲಿ ಎಂಬುದು ಗೊತ್ತಿಲ್ಲ. ಕೋನಮಾಪಕ ಇಟ್ಟು ಆ ಗೆರೆಯಿಂದ 30 ಡಿಗ್ರಿಗೆ 10 ಸೆಂ.ಮೀ. ಗೆರೆ ಎಳೆದು ತುದಿಯಲ್ಲಿ C ಎಂದು ಬರೆಯಿರಿ. ಅದು ಸೂರ್ಯ. ಕೈವಾರವನ್ನು 7.2 ಸೆಂ.ಮೀ.ಗೆ ಅಗಲಿಸಿ, ಮೊನೆಯನ್ನು C ಮೇಲಿಟ್ಟು ಸುತ್ತಿಸಿ. ಅದು ಶುಕ್ರನ ಕಕ್ಷೆ. ಕೆಳಗಿನ ಗೆರೆಯನ್ನು ಅದು ಎರಡು ಕಡೆ ಕತ್ತರಿಸುತ್ತದೆ. ಒಂದು A ಬಿಂದುವಿನಿಂದ ಮೂರೂವರೆ ಸೆಂಟಿಮೀಟರಿನ ಆಸುಪಾಸು, ಇನ್ನೊಂದು ಹದಿನಾಲ್ಕಕ್ಕೆ ಸ್ವಲ್ಪ ಕಡಿಮೆ. ಬೆಳ್ಳಿ ಸೂರ್ಯನಿಗಿಂತ ಈಚೆ ಇದ್ದರೂ ಸರಿ, ಆಚೆ ಇದ್ದರೂ ಸರಿ, ನಮ್ಮ ಕಣ್ಣಿಗೆ ಒಂದೇ ದಿಕ್ಕಿನಲ್ಲಿ ಕಾಣುತ್ತದೆ. (ನಿಜದಲ್ಲಿ ಕಕ್ಷೆಗಳು ಪೂರ್ಣ ವೃತ್ತಗಳಲ್ಲ, ಶುಕ್ರನ ಕಕ್ಷೆ ನಮ್ಮದಕ್ಕಿಂತ ಮೂರು ಡಿಗ್ರಿಗೂ ಕೊಂಚ ಹೆಚ್ಚು ಓರೆಯಾಗಿದೆ. ಈ ಲೆಕ್ಕಕ್ಕೆ ಅದನ್ನು ಬಿಡಬಹುದು.)

ಈಗ ಇದೇ ಲೆಕ್ಕವನ್ನು ಸೈನ್ ನಿಯಮದಿಂದ ಮಾಡೋಣ. sin 30° ಅರ್ಧ. ಆದ್ದರಿಂದ

sin B = (10 × 0.5) / 7.2 = 0.694

ಕ್ಯಾಲ್ಕುಲೇಟರಿನಲ್ಲಿ sin⁻¹ ಒತ್ತಿದರೆ 44 ಡಿಗ್ರಿ ಎಂದು ಬರುತ್ತದೆ. ವಿದ್ಯಾರ್ಥಿ ಅದನ್ನು ಬರೆದುಕೊಂಡು ಮುಂದೆ ಹೋಗುತ್ತಾನೆ. C ಎಂದರೆ 180ರಲ್ಲಿ 30 ಮತ್ತು 44 ಕಳೆದು 106 ಡಿಗ್ರಿ. c ಎಂದರೆ 7.2 × sin 106° ಭಾಗಿಸು 0.5, ಅಂದರೆ 13.84. ಉತ್ತರ 20.8 ಕೋಟಿ ಕಿಲೋಮೀಟರ್. ಪ್ರತಿಯೊಂದು ಹೆಜ್ಜೆಯೂ ಸರಿ, ಆದರೂ ಉತ್ತರ ಅರ್ಧ ಮಾತ್ರ. ಹತ್ತಿರದ ಬೆಳ್ಳಿ ಕೈತಪ್ಪಿ ಹೋಯಿತು.

ತಪ್ಪಿದ್ದು ಎಲ್ಲಿ ಎಂದರೆ sin⁻¹ ಒತ್ತಿದ ಕಡೆ. ಒಂದು ಗೆರೆಯನ್ನು ನೆಲದಿಂದ 44 ಡಿಗ್ರಿ ಎತ್ತಿದರೆ ಅದರ ತುದಿ ಎಷ್ಟು ಎತ್ತರದಲ್ಲಿರುತ್ತದೋ, ಅದನ್ನೇ ಹಿಂದಕ್ಕೆ ವಾಲಿಸಿ 136 ಡಿಗ್ರಿಗೆ ಒಯ್ದಾಗಲೂ ಅಷ್ಟೇ ಎತ್ತರದಲ್ಲಿರುತ್ತದೆ. ಸೈನ್ ಅಳೆಯುವುದು ಆ ಎತ್ತರವನ್ನು ಮಾತ್ರ. ಗೆರೆ ಮುಂದಕ್ಕೆ ವಾಲಿದೆಯೋ ಹಿಂದಕ್ಕೆ ವಾಲಿದೆಯೋ ಎಂಬುದು ಅದಕ್ಕೆ ತಿಳಿಯದು. ಆದ್ದರಿಂದ 0.694 ಸೈನ್ ಇರುವ ಕೋನಗಳು ತ್ರಿಭುಜದೊಳಗೆ ಎರಡು: 44, ಮತ್ತು 180ರಲ್ಲಿ 44 ಕಳೆದ 136. ಕ್ಯಾಲ್ಕುಲೇಟರ್ ಲಘುಕೋನವನ್ನಷ್ಟೇ ತೋರಿಸುತ್ತದೆ. ವಿಶಾಲಕೋನವನ್ನು ನಾವೇ ನೆನಪಿಟ್ಟು ತೆಗೆಯಬೇಕು.

136 ತೆಗೆದುಕೊಂಡರೆ C 14 ಡಿಗ್ರಿ. c ಎಂದರೆ 7.2 × sin 14° ಭಾಗಿಸು 0.5, ಅಂದರೆ 3.48. ಅದು 5.2 ಕೋಟಿ ಕಿಲೋಮೀಟರ್.

ನಿಮ್ಮ ಚಿತ್ರದಲ್ಲಿ ಈ ಎರಡು ಕೋನಗಳ ನಂಟನ್ನು ಕಣ್ಣಾರೆ ನೋಡಬಹುದು. ಕೈವಾರ ಕತ್ತರಿಸಿದ ಎರಡೂ ಬಿಂದುಗಳನ್ನು C ಜೊತೆ ಸೇರಿಸಿ. ಎರಡು ಗೆರೆಗಳೂ 7.2 ಸೆಂ.ಮೀ., ಹಾಗಾಗಿ ನಡುವೆ ಒಂದು ಸಮದ್ವಿಬಾಹು ತ್ರಿಭುಜ ಕೂತಿದೆ. ಅದರ ಪಾದದ ಎರಡು ಕೋನಗಳೂ 44 ಡಿಗ್ರಿ. ಹತ್ತಿರದ ಬೆಳ್ಳಿಯ ಹತ್ತಿರ ಒಳಗಿನ ಕೋನ 44 ಆದರೆ, ಅದೇ ಸರಳರೇಖೆಯ ಮೇಲೆ ಭೂಮಿಯ ಕಡೆಗೆ ತಿರುಗಿದ ಕೋನ 136. ನನ್ನ ಮಟ್ಟಿಗೆ ಇಡೀ ಪಾಠದಲ್ಲಿ ತಿಳಿಯಬೇಕಾದ ಚಿತ್ರ ಇದೊಂದೇ. ಇದು ಮನಸ್ಸಿನಲ್ಲಿ ಕೂತರೆ ಎರಡನೆಯ ಉತ್ತರವನ್ನು ಮರೆಯಲು ಆಗುವುದಿಲ್ಲ.

ಹಾಗಾದರೆ ಇಂದು ಸಂಜೆಯ ಬೆಳ್ಳಿ ಎರಡರಲ್ಲಿ ಯಾವುದು? ತ್ರಿಕೋನಮಿತಿ ಇದಕ್ಕೆ ಉತ್ತರಿಸದು, ಇನ್ನೊಂದು ಮಾಹಿತಿ ಬೇಕೇ ಬೇಕು. ಅದನ್ನು ದೂರದರ್ಶಕ ಕೊಡುತ್ತದೆ. B ಕೋನ ಎಂದರೆ ಶುಕ್ರನ ಮೇಲೆ ನಿಂತು ನೋಡಿದಾಗ ಸೂರ್ಯ ಮತ್ತು ಭೂಮಿಯ ನಡುವೆ ಕಾಣುವ ಕೋನ. ಅದು 44 ಡಿಗ್ರಿ ಆಗಿದ್ದರೆ ಸೂರ್ಯನೂ ನಾವೂ ಶುಕ್ರನ ಬಹುಮಟ್ಟಿಗೆ ಒಂದೇ ಕಡೆಗಿದ್ದೇವೆ, ಬೆಳಕು ಬಿದ್ದ ಮುಖ ನಮಗೆ ಕಾಣುತ್ತದೆ. 136 ಆಗಿದ್ದರೆ ಸೂರ್ಯ ಅದರ ಬೆನ್ನಿಗಿದ್ದಾನೆ, ಕತ್ತಲ ಮುಖವೇ ಹೆಚ್ಚು ನಮ್ಮ ಕಡೆಗಿದೆ. ಲೆಕ್ಕ ಹಾಕಿದರೆ ದೂರದ ಬೆಳ್ಳಿಯ ಬಿಲ್ಲೆಯಲ್ಲಿ ಶೇ 86ರಷ್ಟು ಬೆಳಗಿರುತ್ತದೆ, ಹತ್ತಿರದ್ದರಲ್ಲಿ ಶೇ 14 ಮಾತ್ರ. ಹತ್ತಿರದ್ದು ಬಿದಿಗೆ ಚಂದ್ರನಂತೆ ತೆಳ್ಳಗೆ ಬಾಗಿ, ಆದರೆ ನಾಲ್ಕು ಪಟ್ಟು ಅಗಲವಾಗಿ ಕಾಣುತ್ತದೆ. 1610ರಲ್ಲಿ ಗೆಲಿಲಿಯೊ ದೂರದರ್ಶಕದಲ್ಲಿ ಶುಕ್ರನ ಈ ವೃದ್ಧಿಕ್ಷಯಗಳನ್ನು ಕಂಡ. ಶುಕ್ರ ಸೂರ್ಯನ ಆಚೆಗೂ ಹೋಗುತ್ತದೆ, ಈಚೆಗೂ ಬರುತ್ತದೆ ಎಂಬುದು ಆಗ ಖಚಿತವಾಯಿತು. ನಮ್ಮ ಮಾತಿನಲ್ಲಿ ಹೇಳುವುದಾದರೆ, ಎರಡು ತ್ರಿಭುಜಗಳೂ ನಿಜ, ಬೆಳ್ಳಿ ಒಮ್ಮೆ ಇದರಲ್ಲಿ ಒಮ್ಮೆ ಅದರಲ್ಲಿ ಇರುತ್ತದೆ.

ದೂರದರ್ಶಕ ಇಲ್ಲದವರಿಗೂ ದಾರಿಯಿದೆ, ಕೆಲವು ವಾರ ಗಮನಿಸಬೇಕು ಅಷ್ಟೆ. ಸಂಜೆಯ ಬೆಳ್ಳಿ ದಿನದಿಂದ ದಿನಕ್ಕೆ ಸೂರ್ಯನಿಂದ ದೂರ ಸರಿಯುತ್ತಿದ್ದರೆ ಅದು ದೂರದ ತ್ರಿಭುಜ. ಮತ್ತೆ ಸೂರ್ಯನತ್ತ ಇಳಿಯುತ್ತಿದ್ದರೆ ಹತ್ತಿರದ್ದು. ಸರಿಯುವುದು ತಿಂಗಳುಗಟ್ಟಲೆ ನಿಧಾನವಾಗಿ ನಡೆಯುತ್ತದೆ, ಇಳಿಯುವುದು ಎರಡೂವರೆ ತಿಂಗಳೊಳಗೆ ಮುಗಿಯುತ್ತದೆ. ಬೆಳಗಿನ ಬೆಳ್ಳಿಯಲ್ಲಿ ಕ್ರಮ ತಿರುಗಾಮುರುಗಾ: ದೂರ ಸರಿಯುವಾಗ ಹತ್ತಿರದ್ದು, ಇಳಿಯುವಾಗ ದೂರದ್ದು.

ಕೋನ 30ರ ಬದಲು 60 ಎಂದು ಕೊಟ್ಟರೆ ಏನಾಗುತ್ತದೆ? ಸೂರ್ಯನಿಂದ ನಮ್ಮ ನೋಟದ ಗೆರೆಗೆ ಇಳಿಸಿದ ಲಂಬ 10 sin 60°, ಅಂದರೆ 8.66 ಸೆಂ.ಮೀ. ಕೈವಾರದ ಅಗಲ 7.2 ಮಾತ್ರ. ಅದು ಗೆರೆಯನ್ನು ಮುಟ್ಟುವುದೇ ಇಲ್ಲ. ಸೈನ್ ನಿಯಮ ಹಾಕಿದರೆ sin B ಒಂದಕ್ಕಿಂತ ಹೆಚ್ಚಾಗಿ 1.2 ಬರುತ್ತದೆ, ಕ್ಯಾಲ್ಕುಲೇಟರ್ ದೋಷ ಎನ್ನುತ್ತದೆ. ಅದು ಯಂತ್ರದ ದೋಷವಲ್ಲ, ಅಂಥ ತ್ರಿಭುಜ ಇಲ್ಲ ಎಂಬ ಉತ್ತರ. ಶುಕ್ರ ಸೂರ್ಯನಿಂದ 60 ಡಿಗ್ರಿ ದೂರ ಎಂದೂ ಹೋಗುವುದಿಲ್ಲ. ನಡುರಾತ್ರಿ ನೆತ್ತಿಯ ಮೇಲೆ ಬೆಳ್ಳಿಯನ್ನು ಯಾರೂ ನೋಡದಿರುವುದಕ್ಕೆ ಕಾರಣ ಇದೇ.

ಇವೆರಡರ ನಡುವೆ, ಸುಮಾರು 46 ಡಿಗ್ರಿಯಲ್ಲಿ, ಕೈವಾರ ಗೆರೆಯನ್ನು ಸರಿಯಾಗಿ ಒಂದೇ ಕಡೆ ಸವರಿ ಹೋಗುತ್ತದೆ. ಎರಡು ಬಿಂದುಗಳು ಕೂಡಿ ಒಂದಾಗುತ್ತವೆ, B ಲಂಬಕೋನವಾಗುತ್ತದೆ, ಬೆಳ್ಳಿ ಅರ್ಧಚಂದ್ರನಂತೆ ಕಾಣುತ್ತದೆ. ಈ ಜಾಗದಲ್ಲಿ ಲೆಕ್ಕ ಬಹಳ ನಾಜೂಕು. A ಕೋನ 45.5 ಡಿಗ್ರಿ ಆದರೆ B 82 ಬರುತ್ತದೆ, A 46 ಆದರೆ B 87.5. ಅಳತೆಯಲ್ಲಿ ಅರ್ಧ ಡಿಗ್ರಿ ಏರುಪೇರಾದರೆ ಉತ್ತರದಲ್ಲಿ ಐದೂವರೆ ಡಿಗ್ರಿ ಹೋಗುತ್ತದೆ. sin B ಒಂದಕ್ಕೆ ತೀರಾ ಹತ್ತಿರ ಬಂದಾಗ ಆ ಕೋನವನ್ನು ಹೆಚ್ಚು ನಂಬಬಾರದು.

ಶುಕ್ರನ ಬದಲು ಮಂಗಳನನ್ನು ತೆಗೆದುಕೊಂಡರೆ ಎರಡನೆಯ ತ್ರಿಭುಜ ಮಾಯವಾಗುತ್ತದೆ. ಸೂರ್ಯನಿಂದ ಮಂಗಳನಿಗೆ ನಮ್ಮ ಅಳತೆಯಲ್ಲಿ 15.2 ಸೆಂ.ಮೀ. ಕೋನ ಅದೇ 30. sin B 0.329, ಕೋನ 19.2 ಅಥವಾ 160.8. ಎರಡನೆಯದಕ್ಕೆ 30 ಕೂಡಿಸಿ ನೋಡಿ, 190.8. ತ್ರಿಭುಜದ ಕೋನಗಳ ಮೊತ್ತ 180 ದಾಟುವಂತಿಲ್ಲ, ಆದ್ದರಿಂದ ಅದನ್ನು ಬಿಡಬೇಕು. ಉಳಿದದ್ದು ಒಂದೇ. ಭೂಮಿಯ ಕಕ್ಷೆಗಿಂತ ಹೊರಗಿರುವ ಯಾವ ಗ್ರಹಕ್ಕೂ ಹೀಗೆಯೇ: a ಬಾಹು b ಬಾಹುವಿಗಿಂತ ದೊಡ್ಡದಾದರೆ ಗೊಂದಲವಿಲ್ಲ. ಎರಡು ಉತ್ತರದ ಸಾಧ್ಯತೆ ಇರುವುದು ಕೊಟ್ಟ ಕೋನ ಲಘುಕೋನವಾಗಿದ್ದು, ಅದರ ಎದುರಿನ ಬಾಹು ಲಂಬಕ್ಕಿಂತ ದೊಡ್ಡದು, ಪಕ್ಕದ ಬಾಹುವಿಗಿಂತ ಚಿಕ್ಕದು ಆಗಿದ್ದಾಗ ಮಾತ್ರ.

ಈಗ ಕೊಸೈನ್ ನಿಯಮ. ಮೊದಲಿನ ಚಿತ್ರದಲ್ಲಿ C ಬಿಂದುವಿನಿಂದ ಇಳಿಸಿದ ಲಂಬ AB ಬಾಹುವನ್ನು ಎರಡು ತುಂಡು ಮಾಡುತ್ತದೆ. A ಕಡೆಯ ತುಂಡು b cos A, ಉಳಿದದ್ದು c − b cos A. ಬಲಗಡೆಯ ಲಂಬಕೋನ ತ್ರಿಭುಜಕ್ಕೆ ಪೈಥಾಗೊರಸ್ ಪ್ರಮೇಯ ಹಾಕಿ ಬಿಡಿಸಿದರೆ ಇದು ಬರುತ್ತದೆ:

a² = b² + c² − 2bc cos A

ಯೂಕ್ಲಿಡ್ ತನ್ನ ಎರಡನೇ ಪುಸ್ತಕದಲ್ಲಿ ಕೊಸೈನ್ ಎಂಬ ಮಾತಿಲ್ಲದೆ, ಬರೀ ಚೌಕ ಆಯತಗಳ ಭಾಷೆಯಲ್ಲಿ ಇದನ್ನೇ ಸಾಧಿಸಿದ್ದಾನೆ. ಇದು ಪೈಥಾಗೊರಸ್ ಪ್ರಮೇಯವೇ, ಕೊನೆಯಲ್ಲಿ ಒಂದು ತಿದ್ದುಪಡಿ ಸೇರಿದೆ ಅಷ್ಟೆ. ಕೆರೆಯ ಒಂದು ಬದಿಯಲ್ಲಿ ನಿಂತವರಿಗೆ ಅದರ ಒಂದು ತುದಿ 300 ಮೀಟರ್, ಇನ್ನೊಂದು ತುದಿ 500 ಮೀಟರ್ ದೂರ ಇರಲಿ. ನಡುವಿನ ಕೋನ 90 ಆದರೆ cos ಸೊನ್ನೆ, ತಿದ್ದುಪಡಿ ಇಲ್ಲ, ಕೆರೆಯ ಉದ್ದ 583 ಮೀಟರ್. ಕೋನ 60 ಆದರೆ ಒಂದಿಷ್ಟು ಕಳೆಯುತ್ತದೆ, 436 ಮೀಟರ್. ಕೋನ 120 ಆದರೆ cos ಋಣವಾಗುತ್ತದೆ, ಕಳೆಯುವುದರ ಬದಲು ಕೂಡುತ್ತದೆ, ಸರಿಯಾಗಿ 700 ಮೀಟರ್. ಎರಡು ಬಾಹು ಮತ್ತು ಅವುಗಳ ನಡುವಿನ ಕೋನ ಗೊತ್ತಿದ್ದಾಗ ತ್ರಿಭುಜ ಒಂದೇ. ಶಾಲೆಯಲ್ಲಿ ಸರ್ವಸಮತೆಗೆ ಬಾ.ಕೋ.ಬಾ. ಎಂದು ಕಲಿತದ್ದು ಇದನ್ನೇ. ಆ ಪಟ್ಟಿಯಲ್ಲಿ ಬಾ.ಬಾ.ಕೋ. ಇಲ್ಲದಿರುವುದು ಬೆಳ್ಳಿಯ ದೆಸೆಯಿಂದ ಎನ್ನಬಹುದು.

ಕೊಸೈನ್ ನಿಯಮಕ್ಕೆ ಇನ್ನೊಂದು ಗುಣವಿದೆ, ಅದು ಏನನ್ನೂ ಮುಚ್ಚಿಡುವುದಿಲ್ಲ. ಬೆಳ್ಳಿಯ ಲೆಕ್ಕವನ್ನು ಸೈನ್ ಮುಟ್ಟದೆ ಇದರಲ್ಲೇ ಹಾಕಿ ನೋಡಿ. c ತಿಳಿಯದು, ಉಳಿದದ್ದೆಲ್ಲ ಗೊತ್ತು:

7.2² = 10² + c² − 2 × 10 × c × cos 30°
c² − 17.32c + 48.16 = 0

ಇದು ವರ್ಗ ಸಮೀಕರಣ. ಸೂತ್ರ ಹಾಕಿದರೆ ಎರಡು ಮೂಲಗಳು ತಾವಾಗಿಯೇ ಬರುತ್ತವೆ: 13.84 ಮತ್ತು 3.48. ನೆನಪಿಟ್ಟುಕೊಂಡು 180ರಲ್ಲಿ ಕಳೆಯುವ ಗೊಡವೆಯೇ ಇಲ್ಲ. 60 ಡಿಗ್ರಿ ಇಟ್ಟರೆ ವರ್ಗಮೂಲದೊಳಗೆ ಋಣಸಂಖ್ಯೆ ಬರುತ್ತದೆ, ತ್ರಿಭುಜ ಇಲ್ಲ. ಮಂಗಳನಿಗೆ ಹಾಕಿದರೆ 23.01 ಮತ್ತು −5.69 ಬರುತ್ತವೆ. ಋಣಮೂಲ ಎಂದರೆ ಕೈವಾರ ನಮ್ಮ ಬೆನ್ನ ಹಿಂದೆ ಮುಂದುವರಿಸಿದ ಗೆರೆಯನ್ನು ಕತ್ತರಿಸಿದ ಜಾಗ. ಅದು ನಾವು ನೋಡುವ ದಿಕ್ಕಲ್ಲ, ಬಿಡಬೇಕು. ಎರಡೋ, ಒಂದೋ, ಇಲ್ಲವೋ ಎಂಬುದನ್ನು ಸಮೀಕರಣವೇ ಹೇಳುವುದರಿಂದ, ಅನುಮಾನ ಬಂದ ಕಡೆ ನಾನು ಈ ದಾರಿಯನ್ನೇ ಮೆಚ್ಚುತ್ತೇನೆ.

ಮೂರು ಬಾಹುಗಳೂ ಗೊತ್ತಿರುವ ಲೆಕ್ಕದಲ್ಲಿ ತ್ರಿಭುಜ ಒಂದೇ ಇದ್ದರೂ ಸೈನ್ ಮೋಸ ಮಾಡಬಲ್ಲದು. ಬಾಹುಗಳು 4, 5, 8 ಎನ್ನಿ. ಕೊಸೈನ್ ನಿಯಮದಿಂದ 4ರ ಎದುರಿನ ಕೋನ 24.1 ಡಿಗ್ರಿ ಎಂದು ತೆಗೆದಾಯಿತು. ಮುಂದಿನದಕ್ಕೆ ಸುಲಭ ಎಂದು ಸೈನ್ ನಿಯಮ ಹಾಕಿ 8ರ ಎದುರಿನ ಕೋನ ಕೇಳಿದರೆ ಕ್ಯಾಲ್ಕುಲೇಟರ್ 54.9 ಎನ್ನುತ್ತದೆ. ಆಗ ಮೂರನೆಯದು 101 ಆಗಬೇಕು. ಮೊತ್ತ 180 ಸರಿಹೋಯಿತು ಎಂದು ಪುಟ ತಿರುಗಿಸುವವರೇ ಹೆಚ್ಚು. ಆದರೆ 8ರ ಎದುರು 54.9, 5ರ ಎದುರು 101 ಎಂದರೆ ಚಿಕ್ಕ ಬಾಹುವಿನ ಎದುರು ದೊಡ್ಡ ಕೋನ ಬಂತು, ಅದು ಸಾಧ್ಯವಿಲ್ಲ. ಸರಿಯಾದ ಕೋನ 125.1. ಮೊತ್ತ ನೋಡಿದರೆ ಈ ತಪ್ಪು ಸಿಗದು, ಬಾಹುಗಳ ಕ್ರಮವನ್ನೂ ಕೋನಗಳ ಕ್ರಮವನ್ನೂ ಹೋಲಿಸಿದರೆ ಒಡನೆ ಸಿಗುತ್ತದೆ. ಇನ್ನೂ ಒಳ್ಳೆಯದೆಂದರೆ ಅತಿ ದೊಡ್ಡ ಬಾಹುವಿನ ಎದುರಿನ ಕೋನವನ್ನೇ ಮೊದಲು ಕೊಸೈನ್ ನಿಯಮದಿಂದ ತೆಗೆಯುವುದು. ವಿಶಾಲಕೋನ ಇದ್ದರೆ cos ಋಣವಾಗಿ ತಾನೇ ಹೇಳುತ್ತದೆ. ಉಳಿದ ಎರಡೂ ಲಘುಕೋನಗಳೇ ಆಗಿರುವುದರಿಂದ ಆಮೇಲೆ ಸೈನ್ ನಿಯಮ ಬಳಸಲು ಅಡ್ಡಿಯಿಲ್ಲ.

ಭೂಮಿ ಅಳೆಯುವವರು ಈ ಇಕ್ಕಟ್ಟಿಗೆ ಸಿಕ್ಕಿಕೊಳ್ಳದಂತೆಯೇ ಕೆಲಸ ಹೂಡುತ್ತಿದ್ದರು. ನಾಲ್ಕನೇ ಮೈಸೂರು ಯುದ್ಧದಲ್ಲಿ ಶ್ರೀರಂಗಪಟ್ಟಣಕ್ಕೆ ಬಂದಿದ್ದ ವಿಲಿಯಂ ಲ್ಯಾಂಬ್ಟನ್ 1800ರಲ್ಲಿ ಬೆಂಗಳೂರಿನ ಬಳಿ ಒಂದು ಆಧಾರರೇಖೆಯನ್ನು ಸರಪಳಿಯಿಂದ ಅಳೆದ. 1802ರಲ್ಲಿ ಮದ್ರಾಸಿನ ಸೇಂಟ್ ಥಾಮಸ್ ಬೆಟ್ಟದ ಬಳಿ ಅಳೆದ ರೇಖೆಯಿಂದ ಭಾರತದ ಮಹಾ ತ್ರಿಕೋನಮಿತೀಯ ಸರ್ವೇಕ್ಷಣೆ ಮೊದಲಾಯಿತು. ಸರಪಳಿಯಿಂದ ಅಳೆಯುವುದು ಒಂದೇ ಬಾಹು. ಅದರ ಎರಡು ತುದಿಗಳಿಂದ ದೂರದ ಗುಡ್ಡದತ್ತ ಥಿಯೊಡೊಲೈಟ್ ತಿರುಗಿಸಿ ಕೋನಗಳನ್ನು ಅಳೆದು, ಉಳಿದ ಬಾಹುಗಳನ್ನು ಸೈನ್ ನಿಯಮದಿಂದ ತೆಗೆಯುವುದು. ಇಲ್ಲಿ ಕೋನ ಕಂಡುಹಿಡಿಯಬೇಕಿಲ್ಲ, ಬಾಹು ಮಾತ್ರ ಬೇಕು, ಹಾಗಾಗಿ sin⁻¹ ಒತ್ತುವ ಪ್ರಸಂಗವೇ ಬರದು. 400 ಮೀಟರ್ ರೇಖೆಯ ತುದಿಗಳಲ್ಲಿ 62 ಮತ್ತು 71 ಡಿಗ್ರಿ ಬಂದರೆ ಗುಡ್ಡದ ಹತ್ತಿರದ ಕೋನ 47, ಮತ್ತು 62 ಡಿಗ್ರಿ ಇರುವ ತುದಿಯಿಂದ ಗುಡ್ಡಕ್ಕೆ 400 × sin 71° ಭಾಗಿಸು sin 47°, ಅಂದರೆ 517 ಮೀಟರ್. ಉತ್ತರ ಒಂದೇ.

ಪೆನ್ಸಿಲ್ ಹಿಡಿದು ಕೂತವರಿಗೆ ಇನ್ನೊಂದು ಲೆಕ್ಕ. A ಕೋನ 40 ಡಿಗ್ರಿ, b 10 ಸೆಂ.ಮೀ. ಮೊದಲು ಲಂಬ ತೆಗೆಯಿರಿ: 10 sin 40°, ಅಂದರೆ 6.43. ಈಗ a ಬಾಹುವನ್ನು ಮೂರು ಬಗೆ ಇಟ್ಟು ನೋಡಿ. 6 ಸೆಂ.ಮೀ. ಇಟ್ಟರೆ ಲಂಬಕ್ಕಿಂತ ಚಿಕ್ಕದು, ತ್ರಿಭುಜ ಇಲ್ಲ. 11 ಇಟ್ಟರೆ b ಬಾಹುವಿಗಿಂತ ದೊಡ್ಡದು, ಒಂದೇ ತ್ರಿಭುಜ, B 35.8 ಡಿಗ್ರಿ, c 16.6 ಸೆಂ.ಮೀ. 7 ಇಟ್ಟರೆ ಎರಡೂ ಸಿಗುತ್ತವೆ: B 66.7 ಆದಾಗ c 10.43, B 113.3 ಆದಾಗ c 4.89. ಈ ಕೊನೆಯ ಎರಡನ್ನು ಗುಣಿಸಿ ನೋಡಿ, 51 ಬರಬೇಕು. ಏಕೆಂದರೆ ವರ್ಗ ಸಮೀಕರಣದ ಮೂಲಗಳ ಗುಣಲಬ್ಧ b² − a², ಅಂದರೆ 100 − 49.